ಅಜ್ಜಿ, ಈ ಮನೆಯಿಂದ ಹೊಳೆ ಎಷ್ಟು ದೂರವಿತ್ತು?

ಶರಾವತಿ ಮುಳುಗಡೆಯಿಂದ ಎದ್ದುಬಂದ ಅನೇಕ ಕುಟುಂಬಗಳಲ್ಲಿ ಹಳೆಯ ಮನೆಯದೊಂದು ಫೋಟೋ ಉಳಿದಿರುತ್ತದೆ. ಹೆಂಚಿನ ಮಾಡು, ಉದ್ದನೆಯ ಜಗಲಿ, ಅಂಗಳದಲ್ಲಿ ಸಾಲಾಗಿ ನಿಂತ ಮನೆಮಂದಿ. ಹಿಂಬದಿ ಮಾತ್ರ ಖಾಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಆ ಮನೆಯ ಜಾಗ ನೀರಿನಡಿ ಸೇರಿತು. ಅದು ಎಲ್ಲಿತ್ತೆಂದು ಹೇಳಬಲ್ಲ ಅಜ್ಜಿಗೆ ಈಗ ಎಂಬತ್ತು ದಾಟಿದೆ. ದೂರದಲ್ಲಿರುವ ಮೊಮ್ಮಗಳು ಫೋನಿನಲ್ಲಿ ಕೇಳುವುದಕ್ಕಿಂತ ಪತ್ರ ಬರೆಯುವುದು ಒಳ್ಳೆಯದು. ಫೋಟೋ ಕೈಯಲ್ಲಿದ್ದರೆ ಅಜ್ಜಿ ನಾಲ್ಕಾರು ದಿನ ಮತ್ತೆ ಮತ್ತೆ ನೋಡುತ್ತಾರೆ, ನೆನಪು ಒಂದೊಂದಾಗಿ ಬರುತ್ತದೆ.

ಆದರೆ ‘ಇದು ಯಾವ ಊರು?’ ಎಂದಷ್ಟೇ ಕೇಳಿದರೆ ಸಾಲದು. ಮಲೆನಾಡಿನಲ್ಲಿ ಮನೆಗಳು ಚದುರಿಕೊಂಡಿರುತ್ತವೆ. ಅಜ್ಜಿ ಹೇಳುವ ಹೆಸರು ಮೂರು ಮನೆಯ ಮಜರೆಯದ್ದಾಗಿರಬಹುದು, ಕಂದಾಯದ ಲೆಕ್ಕದಲ್ಲಿ ಸಿಗುವುದು ಗ್ರಾಮದ ಹೆಸರು. ‘ಇದು ಮಡೆನೂರಿನ ಮನೆ ತಾನೆ?’ ಎಂದು ಕೇಳುವುದು ಇನ್ನೂ ಕೆಟ್ಟದ್ದು. ಮೊಮ್ಮಗಳ ಮಾತನ್ನು ತೆಗೆದುಹಾಕಲು ಮನಸ್ಸಿಲ್ಲದೆ ಅಜ್ಜಿ ಹೌದು ಎಂದುಬಿಡುತ್ತಾರೆ. ಊಹೆಯನ್ನು ತಮ್ಮಲ್ಲೇ ಇಟ್ಟುಕೊಂಡು ಹೀಗೆ ಬರೆಯಬಹುದು:

“ಪೂಜ್ಯ ಅಜ್ಜಿಗೆ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಕ್ಷೇಮ. ಜೊತೆಗಿಟ್ಟ ಫೋಟೋ ಅಪ್ಪನ ಟ್ರಂಕಿನಲ್ಲಿ ಸಿಕ್ಕಿತು. ಅಸಲು ನನ್ನ ಬಳಿಯೇ ಇದೆ, ಇದು ದೊಡ್ಡದು ಮಾಡಿಸಿದ ಪ್ರತಿ, ನೀವು ಇದರ ಮೇಲೆ ಬರೆಯಬಹುದು. ಇದು ನಿಮ್ಮ ತವರುಮನೆಯೋ, ಅಜ್ಜನ ಮನೆಯೋ? ಜಗಲಿ ಯಾವ ದಿಕ್ಕಿಗಿತ್ತು? ಹೊಳೆ ಯಾವ ಕಡೆಗೆ, ನಡೆದರೆ ಎಷ್ಟು ಹೊತ್ತು? ಸಂತೆಗೆ ಎಲ್ಲಿಗೆ ಹೋಗುತ್ತಿದ್ದಿರಿ, ದಾರಿಯಲ್ಲಿ ದೋಣಿ ಹತ್ತಬೇಕಿತ್ತೇ? ಶಾನುಭೋಗರು ಯಾವ ಊರಿನವರು? ಮಡೆನೂರು ಡ್ಯಾಮಿನ ನೀರು ಈ ಮನೆಯ ಹತ್ತಿರ ಬಂದಿತ್ತೇ? ನೆನಪಾದಷ್ಟು ಸಾಕು. ಬರೆಯಲು ಆಗದಿದ್ದರೆ ಚಿಕ್ಕಪ್ಪನ ಹತ್ತಿರ ಬರೆಸಿ.”

ಒಂದೊಂದು ಪ್ರಶ್ನೆಗೂ ಕೆಲಸವಿದೆ. ಶಾನುಭೋಗರ ಊರು ತಿಳಿದರೆ ಮಜರೆ ಯಾವ ಗ್ರಾಮಕ್ಕೆ ಸೇರಿತ್ತೆಂದು ಹುಡುಕಲು ದಾರಿಯಾಗುತ್ತದೆ. ಸಂತೆ ಮತ್ತು ದೋಣಿ ಸೇರಿದರೆ ಮನೆ ಹೊಳೆಯ ಯಾವ ದಡದಲ್ಲಿತ್ತೆಂದು ಗೊತ್ತಾಗುತ್ತದೆ. ಮಡೆನೂರಿನ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಲಿಂಗನಮಕ್ಕಿಗಿಂತ ಮೊದಲೇ, ನಲವತ್ತರ ದಶಕದಲ್ಲಿ, ಶರಾವತಿಗೆ ಅಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ಅದರ ಹಿನ್ನೀರು ಚಿಕ್ಕದು. ಆ ನೀರು ಅಂಗಳದ ಹತ್ತಿರ ಬಂದಿತ್ತೆಂದರೆ ಮನೆ ಆ ಅಣೆಕಟ್ಟಿನ ಮೇಲ್ಭಾಗದಲ್ಲಿ, ನದಿಗೆ ಸಮೀಪದಲ್ಲಿತ್ತು. ಹುಡುಕುವ ಪ್ರದೇಶ ಒಮ್ಮೆಲೇ ಕಿರಿದಾಗುತ್ತದೆ.

ಅಜ್ಜಿಯ ಉತ್ತರ ಬಂದ ಮೇಲೆ ಅದನ್ನು ಫೋಟೋದ ಜೊತೆ ಹೋಲಿಸಿ ನೋಡಬೇಕು. ಹೊಳೆ ಜಗಲಿಯ ಎಡಕ್ಕೆ ಎಂದು ಅಜ್ಜಿ ಬರೆದಿದ್ದಾರೆ, ಫೋಟೋದಲ್ಲಿ ಇಳಿಜಾರು ಬಲಕ್ಕಿದೆ ಎಂದುಕೊಳ್ಳಿ. ಜಗಲಿಯಲ್ಲಿ ಕುಳಿತವರ ಎಡ ಫೋಟೋ ನೋಡುವವರ ಬಲ, ಹಾಗಾಗಿ ಎರಡೂ ಸರಿಯೇ. ಇನ್ನೊಂದು ಸಂದರ್ಭವೂ ಉಂಟು: ನೆಗೆಟಿವನ್ನು ತಿರುವಿ ಹಾಕಿ ಪ್ರಿಂಟ್ ಮಾಡಿದ್ದರೆ ಇಡೀ ಚಿತ್ರವೇ ಅದಲುಬದಲು. ಎಡ ಹೆಗಲ ಮೇಲಿರಬೇಕಾದ ಸೆರಗು ಎಲ್ಲ ಹೆಂಗಸರಲ್ಲೂ ಬಲಕ್ಕೆ ಕಂಡರೆ ಹಾಗಾಗಿದೆ ಎಂದು ತಿಳಿಯಬಹುದು. ಅಂಗಳದಲ್ಲಿ ಅಡಿಕೆ ಒಣಗುತ್ತಿದ್ದರೆ ಕೊಯ್ಲಿನ ಕಾಲ, ಹೆಚ್ಚಾಗಿ ಚಳಿಗಾಲ. ಹಿಂದೆ ಸ್ಟುಡಿಯೋದ ಮೊಹರಿದ್ದರೆ ಅದನ್ನೂ ನೋಡಿ: ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ ಆ ಪ್ರಿಂಟ್ 1972ಕ್ಕಿಂತ ಹಿಂದಿನದಲ್ಲ. ಆದರೆ ಹಳೆಯ ನೆಗೆಟಿವ್‌ನಿಂದ ಆಮೇಲೆ ಪ್ರಿಂಟ್ ಹಾಕಿಸಿರಲೂಬಹುದು.

ಹೆಚ್ಚು ಜನ ಎಡವುವುದು ಕಂಬದ ವಿಷಯದಲ್ಲಿ. ಮುಳುಗಡೆಯ ಕಾಲದಲ್ಲಿ ಮನೆ ಬಿಚ್ಚಿ ಕಂಬ, ಬಾಗಿಲು, ಹೆಂಚುಗಳನ್ನು ಹೊಸ ಊರಿಗೆ ಸಾಗಿಸಿದವರಿದ್ದಾರೆ. ಈಗಿನ ಮನೆಯಲ್ಲಿ ಅದೇ ಕೆತ್ತನೆಯ ಕಂಬ ಕಂಡು ‘ಫೋಟೋ ಇಲ್ಲಿಯದೇ’ ಎಂದು ತೀರ್ಮಾನಿಸಬಾರದು. ಬೆಟ್ಟದ ಸಾಲು, ಮರ, ನೆಲದ ಇಳಿಜಾರು ಮಾತ್ರ ಸಾಗಿಸಲಾಗದವು, ಅವನ್ನೇ ನಂಬಬೇಕು.

ಕೊನೆಗೆ ಅಣೆಕಟ್ಟಿಗಿಂತ ಹಿಂದಿನ ಸರ್ವೆ ನಕ್ಷೆ ಸಿಕ್ಕರೆ ಅದರಲ್ಲಿ ಗ್ರಾಮವನ್ನು ಗುರುತಿಸಿ ಎತ್ತರ ನೋಡಿ. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮನೆಯ ಜಾಗ ಅದಕ್ಕಿಂತ ಸ್ವಲ್ಪವೇ ಕೆಳಗಿದ್ದರೆ ಬೇಸಿಗೆಯಲ್ಲಿ ನೀರು ಇಳಿದಾಗ ನೆಲ ಕಾಣಬಹುದು. ಬಿರುಬೇಸಿಗೆಯಲ್ಲಿ ಮಡೆನೂರಿನ ಹಳೆಯ ಅಣೆಕಟ್ಟೇ ಮೇಲೆದ್ದು ಕಾಣುತ್ತದೆ. ಮನೆ ಹೊಳೆದಡದ ತಗ್ಗಿನಲ್ಲಿದ್ದರೆ ಆ ಆಸೆಯಿಲ್ಲ. ಆಗ ಅಜ್ಜಿಯ ಮಾತು, ನಕ್ಷೆ, ಫೋಟೋ ಈ ಮೂರೇ ಆಧಾರ.

ಅಜ್ಜಿಯ ಉತ್ತರವನ್ನು ಅವರ ಮಾತಿನಲ್ಲೇ, ತಾರೀಖು ಹಾಕಿ, ಫೋಟೋದ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಬರೆದಿಡಿ. ಬಾಲ್‌ಪೆನ್ ಒತ್ತಿದರೆ ಮುಂದಿನ ಮುಖಗಳ ಮೇಲೆ ಗೀರು ಮೂಡುತ್ತದೆ. ಮತ್ತು ಪತ್ರವನ್ನು ಈ ವಾರವೇ ಹಾಕಿ, ವಿಳಾಸ ಬರೆದು ಅಂಚೆಚೀಟಿ ಅಂಟಿಸಿದ ಇನ್ನೊಂದು ಲಕೋಟೆಯನ್ನೂ ಒಳಗಿಡಿ.