ಸೋಲಾರ್ ಆರ್ಡರ್ ರದ್ದು: ನಲವತ್ತು ಸಾವಿರದ ಮುಂಗಡ, ಒಂಬತ್ತನೇ ಕಲಮು

ದಾವಣಗೆರೆ: ಮನೆ ಮೇಲೆ ಸೋಲಾರ್ ಹಾಕಿಸುವ ಹುಮ್ಮಸ್ಸು ನಮ್ಮೂರಲ್ಲಿ ಜೋರಾಗಿದೆ. ಕೇಂದ್ರದವರು 2024ರಲ್ಲಿ ಸೂರ್ಯ ಘರ್ ಯೋಜನೆ ತಂದು, ಮೂರು ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ ಎಂದ ಮೇಲೆ ಕೈಯಲ್ಲಿ ಟ್ಯಾಬ್ ಹಿಡಿದ ಹುಡುಗರು ಓಣಿ ಓಣಿ ಸುತ್ತುತ್ತಿದ್ದಾರೆ. ಆರ್ಡರ್ ಕೊಡುವುದು ಐದು ನಿಮಿಷದ ಕೆಲಸ. ಕೊಟ್ಟ ಆರ್ಡರನ್ನು ವಾಪಸ್ ತಗೊಳ್ಳುವುದು ಎಷ್ಟು ದಿನದ ಕೆಲಸ ಎಂಬುದನ್ನು ಮಂಡಿಪೇಟೆಯ ಕಿರಾಣಿ ವ್ಯಾಪಾರಿಯೊಬ್ಬರು ಕಂಡುಕೊಂಡಿದ್ದಾರೆ. ಅವರ ಹೆಸರು ಬೇಡ, ಕಂಪನಿಯ ಹೆಸರೂ ಬೇಡ. ಕಾಗದ ಪತ್ರಗಳನ್ನೆಲ್ಲ ನಮ್ಮ ಮುಂದೆ ಹರಡಿದರು. ಅದರಲ್ಲಿರುವುದು ಇಷ್ಟು.

2025ರ ನವೆಂಬರ್ 3ರಂದು ಆರ್ಡರ್. ಮೂರು ಕಿಲೋವ್ಯಾಟ್, ಒಟ್ಟು 1,90,000 ರೂಪಾಯಿ. ಮುಂಗಡ 40,000. ಹದಿನೈದು ದಿನದಲ್ಲಿ ಪಕ್ಕದ ಸೈಟಿನವರು, ಅಂದರೆ ದಕ್ಷಿಣಕ್ಕಿರುವವರು, ಮನೆ ಮೇಲೆ ಇನ್ನೆರಡು ಮಹಡಿಗೆ ಪಿಲ್ಲರ್ ಎಬ್ಬಿಸಿದರು. ನಮ್ಮ ಕಡೆ ಡಿಸೆಂಬರಿನಲ್ಲಿ ಸೂರ್ಯ ನಡುಮಧ್ಯಾಹ್ನವೂ ನೆತ್ತಿಗೆ ಬರುವುದಿಲ್ಲ, ದಕ್ಷಿಣಕ್ಕೆ ವಾಲಿಕೊಂಡೇ ಇರುತ್ತಾನೆ. ತಾರಸಿಗಿಂತ ಇಪ್ಪತ್ತಡಿ ಎತ್ತರದ ಗೋಡೆ ಎದ್ದರೆ ಹನ್ನೆರಡು ಗಂಟೆಗೂ ಹದಿನೈದಡಿ ನೆರಳು. ಬೆಳಿಗ್ಗೆ ಸಂಜೆ ಕೇಳುವುದೇ ಬೇಡ. ಇವರ ತಾರಸಿಯಲ್ಲಿ ಪ್ಯಾನೆಲ್ ಕೂರಿಸಲು ಗುರುತು ಹಾಕಿದ್ದ ಜಾಗವೇ ಅದು.

ನವೆಂಬರ್ 20ಕ್ಕೆ ಫೋನ್ ಮಾಡಿ ಬೇಡ ಎಂದರು. "ಆಯ್ತು ಯಜಮಾನ್ರೇ, ಕ್ಯಾನ್ಸಲ್ ಮಾಡಿಸ್ತೀನಿ, ನೀವೇನೂ ತಲೆ ಕೆಡಿಸ್ಕೋಬೇಡಿ" ಎಂದ ಹುಡುಗ ಆಮೇಲೆ ಫೋನ್ ಎತ್ತಲಿಲ್ಲ.

ವ್ಯಾಪಾರಿಯ ಮಗಳು ಬಿ.ಕಾಂ ಓದುತ್ತಾಳೆ. ಆರ್ಡರ್ ಫಾರಂ ಹಿಂದೆ ಇರುವೆ ಸಾಲಿನಂತೆ ಅಚ್ಚಾಗಿದ್ದ ಷರತ್ತುಗಳನ್ನು ಕೂತು ಓದಿದವಳು ಅವಳೇ. ಒಂಬತ್ತನೇ ಕಲಮಿನಲ್ಲಿ ವಿಷಯ ಇತ್ತು. ಸಾಮಾನು ಗೋದಾಮಿನಿಂದ ರವಾನೆಯಾಗುವ ಮೊದಲು ಗಿರಾಕಿ ಲಿಖಿತವಾಗಿ ರದ್ದುಪಡಿಸಿದರೆ, ಸರ್ವೆ ಖರ್ಚು 3,000 ಮುರಿದುಕೊಂಡು ಉಳಿದ ಮುಂಗಡವನ್ನು 21 ದಿನದೊಳಗೆ ಹಿಂತಿರುಗಿಸುವುದು. ರವಾನೆಯಾದ ಮೇಲೆ ರದ್ದುಪಡಿಸಿದರೆ ಆರ್ಡರ್ ಮೊತ್ತದ ಶೇಕಡಾ 20 ಮುರಿಯುವುದು.

ಲೆಕ್ಕ ಹಾಕಿ ನೋಡಿ. ಮುರಿಯುವುದು ಮುಂಗಡದ ಶೇಕಡಾ 20 ಅಲ್ಲ, ಪೂರ್ತಿ ಆರ್ಡರಿನದ್ದು. 1,90,000ಕ್ಕೆ ಅದು 38,000. ಅಂದರೆ ಲಾರಿ ಹೊರಡುವ ಮೊದಲು ಕಾಗದ ಮುಟ್ಟಿದರೆ ಕೈಗೆ 37,000, ಹೊರಟ ಮೇಲೆ ಮುಟ್ಟಿದರೆ ಎರಡೇ ಸಾವಿರ! ಇಡೀ ವ್ಯವಹಾರ ನಿಂತಿರುವುದು ಎರಡು ತಾರೀಖುಗಳ ಮೇಲೆ. ಫೋನಿನಲ್ಲಿ ಆಡಿದ ಮಾತಿಗೆ ಈ ಕಲಮಿನಲ್ಲಿ ಜಾಗವೇ ಇಲ್ಲ. ಹುಡುಗ ಫೋನ್ ಎತ್ತದೆ ಕೂತದ್ದು ಸೋಮಾರಿತನವೋ ಜಾಣತನವೋ, ಓದುಗರೇ ಹೇಳಬೇಕು.

ನವೆಂಬರ್ 26ಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಕಾಗದ ಹೋಯಿತು. ಅದೇ ಕಾಗದದ ಫೋಟೋ ಕಂಪನಿಯ ಇಮೇಲಿಗೂ ಹೋಯಿತು. ಕಾಗದ ಇಡೀ ಆರು ಸಾಲು: "ನಾನು 3-11-2025ರಂದು ನೀಡಿದ ಆರ್ಡರನ್ನು ಅದರ 9ನೇ ಷರತ್ತಿನ ಪ್ರಕಾರ ಈ ಮೂಲಕ ರದ್ದುಪಡಿಸಿದ್ದೇನೆ. ಇಂದಿನವರೆಗೆ ನನ್ನ ಮನೆಗೆ ಯಾವ ಸಾಮಾನೂ ಬಂದಿಲ್ಲ, ರವಾನೆಯ ತಿಳುವಳಿಕೆಯೂ ಬಂದಿಲ್ಲ. ಮುಂಗಡ 40,000ದಲ್ಲಿ ಸರ್ವೆ ಖರ್ಚು 3,000 ಕಳೆದು 37,000 ರೂಪಾಯಿಯನ್ನು 21 ದಿನದೊಳಗೆ ಕೆಳಗಿನ ಖಾತೆಗೆ ಜಮಾ ಮಾಡತಕ್ಕದ್ದು. ಇನ್ನು ಮುಂದೆ ಸಾಮಾನು ಕಳಿಸಿದರೆ ಇಳಿಸಿಕೊಳ್ಳುವುದಿಲ್ಲ." ಕೆಳಗೆ ಖಾತೆ ನಂಬರ್, ಮುಂಗಡದ ರಸೀದಿ ನಂಬರ್, ಸಹಿ.

ಪಕ್ಕದ ಮನೆಯ ಪಿಲ್ಲರ್, ನೆರಳು, ಒಂದೂ ಕಾಗದದಲ್ಲಿಲ್ಲ. ಅದೇ ಸರಿಯಾದದ್ದು. ಕಲಮು ಕಾರಣ ಕೇಳುವುದಿಲ್ಲ. ನೆರಳು ಎಂದು ಬರೆದಿದ್ದರೆ "ಸ್ಟ್ಯಾಂಡ್ ಎತ್ತರಿಸಿ ಕೊಡ್ತೀವಿ, ಇನ್ನೊಂದು ಸರ್ವೆ ಮಾಡ್ತೀವಿ" ಎಂದು ಚೌಕಾಸಿ ಶುರುವಾಗಿ, ಆ ಗದ್ದಲದಲ್ಲೇ ಲಾರಿ ಹೊರಟಿರುತ್ತಿತ್ತು.

ಕಾಗದ ನವೆಂಬರ್ 28ಕ್ಕೆ ಮುಟ್ಟಿತು. ಡಿಸೆಂಬರ್ 5ಕ್ಕೆ ಉತ್ತರ ಬಂತು. ಸಾಮಾನು ನವೆಂಬರ್ 24ಕ್ಕೇ ಬೆಂಗಳೂರಿನ ಗೋದಾಮು ಬಿಟ್ಟಿದೆಯಂತೆ. ಜೊತೆಗೆ ಮುಂಗಡಕ್ಕೆ ಜಿಎಸ್‌ಟಿ ಸರ್ಕಾರಕ್ಕೆ ಕಟ್ಟಿಯಾಗಿದೆ, ಅದು ವಾಪಸ್ ಬರುವುದಿಲ್ಲವಂತೆ.

ಎರಡನೆಯ ಮಾತು ಅಂಗಡಿ ಇಟ್ಟವರ ಮುಂದೆ ಆಡಬಾರದಿತ್ತು. ಮುಂಗಡ ಪಡೆದು ಸರಕು, ಸೇವೆ ಯಾವುದೂ ಕೊಡದೆ, ತೆರಿಗೆ ಬಿಲ್ಲೂ ಹಾಕದೆ ಹಣ ಹಿಂತಿರುಗಿಸುವವರಿಗಾಗಿಯೇ ಜಿಎಸ್‌ಟಿ ಕಾಯ್ದೆಯ 31ನೇ ಕಲಮಿನಲ್ಲಿ ರೀಫಂಡ್ ವೋಚರ್ ಎಂಬುದಿದೆ. ಅದನ್ನು ಬರೆದು ಲೆಕ್ಕ ಸರಿ ಮಾಡಿಕೊಳ್ಳುವುದು ಕಂಪನಿಯ ಕೆಲಸ, ಗಿರಾಕಿಯದಲ್ಲ.

ಮೊದಲನೆಯ ಮಾತೇ ಗಟ್ಟಿ ಕಾಳಗ. ಸಾಮಾನು ನಿಜವಾಗಿ ಹೊರಟಿದ್ದರೆ ಅದರ ಹಿಂದೆ ಕಾಗದವೂ ಹೊರಟಿರಬೇಕು. ಐವತ್ತು ಸಾವಿರ ಮೀರಿದ ಸರಕು ಲಾರಿ ಹತ್ತಿ ಊರು ಬಿಡುವಾಗ ಇ-ವೇ ಬಿಲ್ ಬೇಕು, ಅದಕ್ಕೆ ಹನ್ನೆರಡು ಅಂಕಿಯ ನಂಬರ್ ಇರುತ್ತದೆ. ಪ್ರತಿ ಪ್ಯಾನೆಲ್ ಮೇಲೆ ಅದರದೇ ಸೀರಿಯಲ್ ನಂಬರ್ ಇರುತ್ತದೆ, ಇನ್ವರ್ಟರ್ ಮೇಲೂ ಇರುತ್ತದೆ. ಮಂಡಿಪೇಟೆಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ವ್ಯಾಪಾರಿ ಎರಡೇ ಸಾಲಿನ ಇಮೇಲ್ ಹಾಕಿಸಿದರು: 24ರ ಇ-ವೇ ಬಿಲ್ ನಂಬರ್ ಕೊಡಿ, ಆರು ಪ್ಯಾನೆಲ್‌ಗಳ ಸೀರಿಯಲ್ ನಂಬರ್ ಕೊಡಿ.

ಬಂದದ್ದು ಕೈಬರಹದ ಒಂದು ಚಲನ್. ತಾರೀಖು 24 ಅಂತಿದೆ, ಲಾರಿ ನಂಬರ್ ಇಲ್ಲ, ಸೀರಿಯಲ್ ನಂಬರ್ ಕಾಲಂ ಖಾಲಿ. ನಾವೂ ನೋಡಿದೆವು. 24ಕ್ಕೆ ಬೆಂಗಳೂರು ಬಿಟ್ಟ ಲಾರಿ ಡಿಸೆಂಬರ್ ಎರಡನೇ ವಾರವಾದರೂ ದಾವಣಗೆರೆಗೆ ಬರಲಿಲ್ಲವೆಂದರೆ ಅದು ಯಾವ ದಾರಿ ಹಿಡಿಯಿತೋ!

ಇಪ್ಪತ್ತೊಂದು ದಿನ ಡಿಸೆಂಬರ್ 19ಕ್ಕೆ ಮುಗಿಯಿತು. 20ಕ್ಕೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದರು. ಸಹಾಯವಾಣಿ ಕೋರ್ಟಲ್ಲ, ಅದು ಆಜ್ಞೆ ಮಾಡುವುದಿಲ್ಲ. ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತದೆ ಅಷ್ಟೆ. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ಇವರು ಅಲ್ಲಿಗೆ ಹೋಗಬೇಕಾಗಲಿಲ್ಲ. ಡಿಸೆಂಬರ್ 31ಕ್ಕೆ 37,000 ಜಮಾ ಆಯಿತು. ಬಡ್ಡಿಯೂ ಇಲ್ಲ, ಕ್ಷಮಾಪಣೆಯೂ ಇಲ್ಲ.

ನಿಜವಾಗಿ ಸಾಮಾನು ಹೊರಟಿದ್ದರೆ? ಆಗ ವ್ಯಾಪಾರಿಯ ಪಕ್ಷ ಸಡಿಲವಾಗುತ್ತಿತ್ತು, ಆದರೆ ಪೂರ್ತಿ ಬೀಳುತ್ತಿರಲಿಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಮಿನಂತೆ ಕರಾರಿನಲ್ಲಿ ಬರೆದ ದಂಡದ ಮೊತ್ತ ಎಂಬುದು ಮೇಲಿನ ಮಿತಿ ಮಾತ್ರ. ಕೋರ್ಟು ಕೊಡಿಸುವುದು ಅದರೊಳಗಿನ ನ್ಯಾಯವಾದ ಪರಿಹಾರವನ್ನು. ಹೋಗಿ ಬರುವ ಲಾರಿ ಬಾಡಿಗೆ, ಹಮಾಲಿ ಕೇಳಿದರೆ ಒಪ್ಪುವ ಮಾತು. ನಾಳೆ ಇನ್ನೊಬ್ಬರ ತಾರಸಿಗೆ ಏರುವ ಪ್ಯಾನೆಲ್‌ಗೆ 38,000 ಕೇಳಿದರೆ ವಾದಕ್ಕೆ ಜಾಗ ಇದೆ. ಕಟ್ಟಿಯಾದ ಮೇಲೆ ಮಾತ್ರ ಈ ಯಾವ ಮಾತೂ ನಡೆಯುವುದು ಕಷ್ಟ.

ಒಂದು ವಿಷಯ ಇವರೂ ಮೊದಲು ಗಮನಿಸಿರಲಿಲ್ಲ. ಸಬ್ಸಿಡಿ ಅರ್ಜಿಯನ್ನು ಕಂಪನಿಯ ಹುಡುಗನೇ ಇವರ ಮೊಬೈಲ್ ನಂಬರ್, ಬೆಸ್ಕಾಂ ಬಿಲ್ಲಿನ ನಂಬರ್ ಹಾಕಿ ಸಲ್ಲಿಸಿದ್ದ. ಕಂಪನಿಗೆ ಬರೆದ ರದ್ದು ಕಾಗದದಿಂದ ಆ ಅರ್ಜಿ ತಾನಾಗಿ ರದ್ದಾಗುವುದಿಲ್ಲ. ಸಬ್ಸಿಡಿ ಹಣ ಗಿರಾಕಿಯ ಖಾತೆಗೆ ಬರುವುದು ಪ್ಯಾನೆಲ್ ಹಾಕಿ ಮೀಟರ್ ಕೂರಿಸಿದ ಮೇಲೆಯೇ, ಹಾಗಾಗಿ ಅಲ್ಲಿ ಕಳಕೊಂಡದ್ದೇನೂ ಇಲ್ಲ. ಆದರೂ ರದ್ದು ಕಾಗದದ ಒಂದು ಪ್ರತಿಯನ್ನು ಜನವರಿಯಲ್ಲಿ ಬೆಸ್ಕಾಂ ಉಪವಿಭಾಗದ ಕಚೇರಿಗೆ ಕೊಟ್ಟು, ಮೇಲೆ ಸೀಲು ಹಾಕಿಸಿಕೊಂಡು ಬಂದಿದ್ದಾರೆ. ಆ ಸೀಲಿನ ಪ್ರತಿಯೂ ಈಗ ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಖಾನೆಯಲ್ಲಿ ಆರ್ಡರ್ ಫಾರಂ ಜೊತೆಗಿದೆ.