ಅರ್ಧಾಯುವಿನ ಲೆಕ್ಕ: ಗಂಟೆಯೋ, ನಿಮಿಷವೋ?

ಜೆಂಟಮೈಸಿನ್ ಎಂಬ ಆ್ಯಂಟಿಬಯಾಟಿಕ್ ದಶಕಗಳಿಂದ ಬಳಕೆಯಲ್ಲಿದೆ. ತೀವ್ರವಾದ ಸೋಂಕಿಗೆ ಇದನ್ನು ಇಂಜೆಕ್ಷನ್ ಆಗಿ ಕೊಡುತ್ತಾರೆ. ದೇಹದೊಳಗೆ ಹೋದ ಈ ಔಷಧ ಹೆಚ್ಚುಕಡಿಮೆ ಹೇಗಿತ್ತೋ ಹಾಗೆಯೇ ಮೂತ್ರಪಿಂಡದ ಮೂಲಕ ಹೊರಬೀಳುತ್ತದೆ. ಅದು ರಕ್ತದಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಳಿದುಬಿಟ್ಟರೆ ಮೂತ್ರಪಿಂಡಕ್ಕೂ ಒಳಗಿವಿಗೂ ಪೆಟ್ಟು ಬೀಳಬಹುದು. ಆದ್ದರಿಂದ ಒಂದು ಡೋಸ್ ಕೊಟ್ಟ ಮೇಲೆ ರಕ್ತದಲ್ಲಿ ಅದರ ಪ್ರಮಾಣ ಎಷ್ಟು ಬೇಗ ಇಳಿಯುತ್ತದೆ ಎಂಬ ಲೆಕ್ಕಕ್ಕೆ ಬೆಲೆಯಿದೆ. ಫಾರ್ಮಸಿ ಓದುವವರಿಗೆ ಪರೀಕ್ಷೆಯಲ್ಲಿ ಎದುರಾಗುವುದೂ ಇಂಥ ಲೆಕ್ಕವೇ. ಸೂತ್ರ ಒಂದೇ ಸಾಲಿನದು. ಆದರೂ ಉತ್ತರ ತಪ್ಪುತ್ತದೆ. ಕಾರಣ ಸಾಮಾನ್ಯವಾಗಿ ಸೂತ್ರವಲ್ಲ, ಏಕಮಾನ.

ಮೊದಲು ಔಷಧ ಇಳಿಯುವ ಬಗೆಯನ್ನು ನೋಡೋಣ. ಮೂತ್ರಪಿಂಡ ಪ್ರತಿ ನಿಮಿಷವೂ ರಕ್ತದ ದ್ರವಭಾಗವಾದ ಪ್ಲಾಸ್ಮಾದ ಇಂತಿಷ್ಟು ಪಾಲನ್ನು ಸೋಸುತ್ತದೆ. ಆ ಪಾಲಿನಲ್ಲಿ ಔಷಧ ಹೆಚ್ಚಿದ್ದರೆ ಹೆಚ್ಚು ಹೊರಹೋಗುತ್ತದೆ, ಕಡಿಮೆ ಇದ್ದರೆ ಕಡಿಮೆ. ಹಾಗಾಗಿ ಗಂಟೆಗೆ ಇಷ್ಟು ಮಿಲಿಗ್ರಾಂ ಎಂಬ ಕಟ್ಟುನಿಟ್ಟಿನ ಲೆಕ್ಕದಲ್ಲಿ ಔಷಧ ಇಳಿಯುವುದಿಲ್ಲ. ಉಳಿದಿರುವುದರಲ್ಲಿ ಇಂತಿಷ್ಟು ಭಾಗ ಎಂಬ ಲೆಕ್ಕದಲ್ಲಿ ಇಳಿಯುತ್ತದೆ. ಇದನ್ನೇ ಫಸ್ಟ್ ಆರ್ಡರ್ ಕ್ರಿಯೆ ಎನ್ನುತ್ತಾರೆ. ಲೀಟರಿಗೆ 20 ಮಿ.ಗ್ರಾಂ. ಇದ್ದದ್ದು 10 ಆಗಲು ಎಷ್ಟು ಹೊತ್ತು ಬೇಕೋ, 10 ಇದ್ದದ್ದು 5 ಆಗಲೂ ಅಷ್ಟೇ ಹೊತ್ತು ಬೇಕು, 5 ಇದ್ದದ್ದು ಎರಡೂವರೆ ಆಗಲೂ ಅಷ್ಟೇ. ಬದಲಾಗದ ಈ ಅವಧಿಯೇ ಅರ್ಧಾಯು.

ಈಗ ಒಂದು ಲೆಕ್ಕ. 60 ಕೆ.ಜಿ. ತೂಕದ ರೋಗಿಗೆ 300 ಮಿ.ಗ್ರಾಂ. ಜೆಂಟಮೈಸಿನ್ ಕೊಡಲಾಗಿದೆ. ಔಷಧದ ವಿತರಣಾ ಗಾತ್ರ ದೇಹತೂಕದ ಪ್ರತಿ ಕೆ.ಜಿ.ಗೆ 0.25 ಲೀಟರ್. ಕ್ಲಿಯರೆನ್ಸ್ ನಿಮಿಷಕ್ಕೆ 100 ಮಿ.ಲೀ. ಅರ್ಧಾಯು ಎಷ್ಟು?

ವಿತರಣಾ ಗಾತ್ರ ಎಂದರೆ ಔಷಧವೆಲ್ಲ ಪ್ಲಾಸ್ಮಾದಲ್ಲಿರುವ ಸಾಂದ್ರತೆಯಲ್ಲೇ ಹರಡಿದೆ ಎಂದುಕೊಂಡರೆ ಅದಕ್ಕೆ ಬೇಕಾಗುವ ಗಾತ್ರ. ಇಲ್ಲಿ ಅದು 60 × 0.25, ಅಂದರೆ 15 ಲೀಟರ್. 300 ಮಿ.ಗ್ರಾಂ. ಔಷಧ 15 ಲೀಟರಿನಲ್ಲಿ ಹರಡಿದರೆ ಆರಂಭದ ಸಾಂದ್ರತೆ ಲೀಟರಿಗೆ 20 ಮಿ.ಗ್ರಾಂ. ಕ್ಲಿಯರೆನ್ಸ್ ಎಂದರೆ ಒಂದು ನಿಮಿಷದಲ್ಲಿ ಔಷಧ ಪೂರ್ತಿ ತೆರವಾಗುವ ಪ್ಲಾಸ್ಮಾದ ಗಾತ್ರ. ಒಟ್ಟು ಗಾತ್ರದಲ್ಲಿ ಎಷ್ಟು ಪಾಲು ತೆರವಾಗುತ್ತಿದೆ ಎಂಬುದೇ ನಿರ್ಮೂಲನಾ ಸ್ಥಿರಾಂಕ `k`. ಸೂತ್ರಗಳು ಇವು:

`k = CL / V`
`t½ = 0.693 / k`

ಎಡವುವುದು ಇಲ್ಲೇ. ಅವಸರದಲ್ಲಿ 100 ಅನ್ನು 15ರಿಂದ ಭಾಗಿಸಿದರೆ 6.67 ಬರುತ್ತದೆ. 0.693 ಅನ್ನು ಅದರಿಂದ ಭಾಗಿಸಿದರೆ 0.104. ಪಕ್ಕದಲ್ಲಿ ‘ಗಂಟೆ’ ಎಂದು ಬರೆದರೆ ಅರ್ಧಾಯು ಸುಮಾರು ಆರು ನಿಮಿಷವಾಯಿತು! ಮೂತ್ರಪಿಂಡ ಚೆನ್ನಾಗಿರುವವರಲ್ಲಿ ಜೆಂಟಮೈಸಿನ್ ಅರ್ಧಕ್ಕೆ ಇಳಿಯಲು ಸುಮಾರು ಎರಡು ಗಂಟೆ ಬೇಕೆಂದು ತಿಳಿದವರಿಗೆ ಈ ಉತ್ತರ ಕಂಡ ಕೂಡಲೇ ಅನುಮಾನ ಬರಬೇಕು. ತಪ್ಪಿನ ಮೂಲ ಸರಳ: ಮೇಲೆ ಮಿಲಿಲೀಟರ್ ಇದೆ, ಕೆಳಗೆ ಲೀಟರ್ ಇದೆ, ಒಂದನ್ನೊಂದು ಹೊಡೆದುಹಾಕಲು ಬರುವುದಿಲ್ಲ. ಕ್ಲಿಯರೆನ್ಸ್ ಕೊಟ್ಟಿರುವುದು ನಿಮಿಷದಲ್ಲಿ, ಉತ್ತರ ಬರೆದಿರುವುದು ಗಂಟೆಯಲ್ಲಿ.

ಸರಿಯಾದ ದಾರಿ ಹೀಗೆ. ನಿಮಿಷಕ್ಕೆ 100 ಮಿ.ಲೀ. ಎಂದರೆ ಗಂಟೆಗೆ 6,000 ಮಿ.ಲೀ., ಅಂದರೆ 6 ಲೀಟರ್. ಗಂಟೆಗೆ 6 ಲೀಟರನ್ನು 15 ಲೀಟರಿನಿಂದ ಭಾಗಿಸಿದಾಗ ಲೀಟರಿಗೆ ಲೀಟರ್ ಹೋಗಿ ‘ಗಂಟೆಗೆ 0.4’ ಉಳಿಯುತ್ತದೆ. 0.693 ಅನ್ನು 0.4ರಿಂದ ಭಾಗಿಸಿದರೆ 1.73 ಗಂಟೆ. ಇದನ್ನು ಒಂದು ಗಂಟೆ 73 ನಿಮಿಷ ಎಂದು ಓದಬಾರದು. 0.73 ಅನ್ನು 60ರಿಂದ ಗುಣಿಸಿದರೆ 44; ಉತ್ತರ ಒಂದು ಗಂಟೆ 44 ನಿಮಿಷ. ಉತ್ತರವನ್ನು ತಾಳೆ ನೋಡಬೇಕೆಂದರೆ ಗಾತ್ರವನ್ನೇ ಮಿಲಿಲೀಟರಿಗೆ ಬದಲಿಸಿ. 100 ಅನ್ನು 15,000ದಿಂದ ಭಾಗಿಸಿದರೆ ನಿಮಿಷಕ್ಕೆ 0.00667, ಅದರಿಂದ ಅರ್ಧಾಯು 104 ನಿಮಿಷ. ಎರಡು ದಾರಿಯೂ ಒಂದೇ ಕಡೆ ಬಂದು ನಿಂತವು.

ಗಂಟೆಗೆ 0.4 ಎಂದರೆ ಮೊದಲ ಗಂಟೆಯಲ್ಲಿ ಶೇ 40 ಔಷಧ ಹೋಯಿತು ಎಂದಲ್ಲ. 0.4 ಎಂಬುದು ಆಯಾ ಕ್ಷಣದ ವೇಗ. ಗಂಟೆ ಕಳೆಯುತ್ತಿದ್ದಂತೆ ಉಳಿದ ಔಷಧ ಕಡಿಮೆಯಾಗುತ್ತಾ ಹೋಗುವುದರಿಂದ ಹೊರಹೋಗುವ ಪ್ರಮಾಣವೂ ಇಳಿಯುತ್ತದೆ. ಲೆಕ್ಕ ಹಾಕಿದರೆ ಮೊದಲ ಗಂಟೆಯಲ್ಲಿ ಹೋಗುವುದು ಶೇ 33ರಷ್ಟು ಮಾತ್ರ. ಸೂತ್ರದಲ್ಲಿ 0.5ರ ಬದಲು 0.693 ಇರುವುದೂ ಇದೇ ಕಾರಣಕ್ಕೆ. ಅದು 2ರ ಸ್ವಾಭಾವಿಕ ಲಾಗರಿದಮ್.

ಇದೇ ಡೋಸನ್ನು ಅಷ್ಟೇ ತೂಕದ, ಆದರೆ ಮೂತ್ರಪಿಂಡ ಸೊರಗಿದ ಇನ್ನೊಬ್ಬ ರೋಗಿಗೆ ಕೊಟ್ಟರೆ? ಅವರ ಕ್ಲಿಯರೆನ್ಸ್ ನಿಮಿಷಕ್ಕೆ 25 ಮಿ.ಲೀ. ಎಂದುಕೊಳ್ಳೋಣ. ಅದು ಗಂಟೆಗೆ ಒಂದೂವರೆ ಲೀಟರ್. `k` ಗಂಟೆಗೆ 0.1, ಅರ್ಧಾಯು ಸುಮಾರು 7 ಗಂಟೆ. ಲೀಟರಿಗೆ 20 ಮಿ.ಗ್ರಾಂ. ಇದ್ದದ್ದು 1 ಮಿ.ಗ್ರಾಂ.ಗೆ ಇಳಿಯಲು ಮೊದಲ ರೋಗಿಗೆ ಏಳೂವರೆ ಗಂಟೆ ಸಾಕು, ಇವರಿಗೆ 30 ಗಂಟೆ ಬೇಕು. 24 ಗಂಟೆಗೊಮ್ಮೆ ಡೋಸ್ ಕೊಡುತ್ತಾ ಹೋದರೆ ಮೊದಲನೆಯವರ ರಕ್ತ ಅಷ್ಟರಲ್ಲಿ ಬಹುಪಾಲು ಖಾಲಿಯಾಗಿರುತ್ತದೆ. ಎರಡನೆಯವರಲ್ಲಿ ಹಳೆಯದು ಉಳಿದಿರುವಾಗಲೇ ಹೊಸದು ಸೇರುತ್ತದೆ. ಹಾಗಾಗಿಯೇ ಮೂತ್ರಪಿಂಡದ ತೊಂದರೆ ಇರುವವರಿಗೆ ವೈದ್ಯರು ಡೋಸನ್ನು ಅಥವಾ ಡೋಸ್‌ಗಳ ನಡುವಿನ ಅಂತರವನ್ನು ಬದಲಿಸುತ್ತಾರೆ, ರಕ್ತದಲ್ಲಿ ಔಷಧದ ಮಟ್ಟವನ್ನು ಅಳೆಸುತ್ತಾರೆ.

ಈ ಸೂತ್ರ ಎಲ್ಲ ಕಡೆ ನಡೆಯುವುದಿಲ್ಲ. ಮದ್ಯದ ಆಲ್ಕೋಹಾಲನ್ನು ಕರಗಿಸುವ ಯಕೃತ್ತಿನ ಕಿಣ್ವಗಳಿಗೆ ಸ್ವಲ್ಪದರಲ್ಲೇ ಕೈತುಂಬ ಕೆಲಸವಾಗಿಬಿಡುತ್ತದೆ. ಆಮೇಲೆ ರಕ್ತದಲ್ಲಿ ಎಷ್ಟೇ ಇರಲಿ, ಗಂಟೆಗೆ ಹೆಚ್ಚುಕಡಿಮೆ ಅಷ್ಟೇ ಪ್ರಮಾಣ ಕರಗುತ್ತದೆ. ಅಲ್ಲಿ ಬದಲಾಗದ ಅರ್ಧಾಯು ಎಂಬುದೇ ಇಲ್ಲ. ಹೆಚ್ಚು ಕುಡಿದವರಿಗೆ ಅರ್ಧಕ್ಕೆ ಇಳಿಯಲೂ ಹೆಚ್ಚು ಹೊತ್ತು ಬೇಕು. ಇದು ಝೀರೋ ಆರ್ಡರ್. ಎರಡನ್ನೂ ಬೇರ್ಪಡಿಸುವ ಗುರುತು ಪ್ರಶ್ನೆಯಲ್ಲೇ ಇರುತ್ತದೆ. ಸ್ಥಿರಾಂಕದ ಏಕಮಾನ ಬರೀ ‘ಗಂಟೆಗೆ’ ಅಥವಾ ‘ನಿಮಿಷಕ್ಕೆ’ ಎಂದಿದ್ದರೆ ಫಸ್ಟ್ ಆರ್ಡರ್. ‘ಗಂಟೆಗೆ, ಲೀಟರಿಗೆ ಇಷ್ಟು ಮಿ.ಗ್ರಾಂ.’ ಎಂದಿದ್ದರೆ ಝೀರೋ ಆರ್ಡರ್, ಅಲ್ಲಿ 0.693 ಅನ್ನು ಮುಟ್ಟುವಂತಿಲ್ಲ.

ಪರೀಕ್ಷೆಗೆ ಕೂರುವವರು ಸಂಖ್ಯೆಯ ಜೊತೆ ಅದರ ಏಕಮಾನವನ್ನೂ ಪ್ರತಿ ಸಾಲಿನಲ್ಲಿ ಬರೆಯಲಿ. ಕೊನೆಯ ಸಾಲಿನಲ್ಲಿ ಬರೀ ಕಾಲದ ಏಕಮಾನ ಉಳಿಯದೆ ಮಿಲಿಲೀಟರೋ ಲೀಟರೋ ಅಂಟಿಕೊಂಡಿದ್ದರೆ ಸಂಖ್ಯೆ ಎಷ್ಟೇ ಚೆನ್ನಾಗಿ ಕಂಡರೂ ಉತ್ತರ ತಪ್ಪು.