ಲೆಕ್ಕ ಸರಿಯಾಗಲಿ, ಮನಸ್ಸು ಮುರಿಯದಿರಲಿ

ಕಚೇರಿಯ ಹಿರಿಯರೊಬ್ಬರ ಬೀಳ್ಕೊಡುಗೆಗೆ ತಲಾ 500 ರೂಪಾಯಿ ಕೂಡಿಸುತ್ತಿದ್ದೀರಿ ಎನ್ನಿ. ನಿಮ್ಮ ಸಹೋದ್ಯೋಗಿಯೊಬ್ಬರು ಆ ಲೆಕ್ಕವನ್ನು ಗೂಗಲ್ ಶೀಟ್‌ನಲ್ಲಿ ಬರೆದು ಎಲ್ಲರಿಗೂ ಹಂಚಿದ್ದಾರೆ. ಹೆಸರುಗಳು 42, ಮೊತ್ತ ಮಾತ್ರ 19,500. ಕಡಿಮೆಯಾದ 1,500 ಸರಿಯಾಗಿ ಮೂವರ ಹಣ. ಮೊತ್ತದ ಸೆಲ್ ಒತ್ತಿ ನೋಡಿದರೆ `=SUM(C2:C40)` ಎಂದಿದೆ. ಕೊನೆಗೆ ಸೇರಿದ ಮೂವರು 41ರಿಂದ 43ನೇ ಸಾಲಿನಲ್ಲಿದ್ದಾರೆ. ಸೂತ್ರ ಅಲ್ಲಿಯವರೆಗೆ ಹೋಗಿಲ್ಲ.

ಇದನ್ನು ಗುಂಪಿನಲ್ಲಿ ಹೇಳಬೇಡಿ. ಆ ಸೆಲ್‌ಗೆ ಕಾಮೆಂಟ್ ಹಾಕಿದರೂ ಶೀಟ್ ತಿದ್ದಬಲ್ಲವರೆಲ್ಲ ಓದುತ್ತಾರೆ. ಸದ್ದಿಲ್ಲದೆ ನೀವೇ ತಿದ್ದುವುದೂ ಸಲ್ಲದು: Version history ತೆರೆದವರಿಗೆ ನಿಮ್ಮ ಹೆಸರು ಕಾಣುತ್ತದೆ, ಲೆಕ್ಕ ಇಟ್ಟವರಿಗೋ ಮೊತ್ತ ಏಕೆ ಬದಲಾಯಿತೆಂದೇ ತಿಳಿಯುವುದಿಲ್ಲ.

ಅವರೊಬ್ಬರಿಗೇ ಹೀಗೆ ಬರೆಯಿರಿ: “ಕೊನೆಯ ಮೂರು ಹೆಸರು ಮೊತ್ತದಲ್ಲಿ ಸೇರಿದಂತಿಲ್ಲ. ಸೂತ್ರ C40ಕ್ಕೇ ನಿಂತಿದೆಯೇನೋ, ಒಮ್ಮೆ ನೋಡ್ತೀರಾ?” ಸಾಲಿನ ಸಂಖ್ಯೆ ಇದ್ದರೆ ಅವರು ಹುಡುಕಬೇಕಿಲ್ಲ, ಪ್ರಶ್ನೆಯಾಗಿ ಕೇಳಿದರೆ, ನೀವು ನೋಡಿದ್ದೇ ತಪ್ಪಾಗಿದ್ದರೂ ಮುಜುಗರವಿಲ್ಲ. ತಿದ್ದಿ ಎಲ್ಲರಿಗೂ 21,000 ಎಂದು ತಿಳಿಸುವುದನ್ನು ಅವರಿಗೇ ಬಿಡಿ.

ಉಡುಗೊರೆಗೆ ಹಣ ಕೊಡುವ ಹೊತ್ತಾಗಿ, ಅವರು ಸಿಗದಿದ್ದರೆ? “ಮೊತ್ತ ಇನ್ನೊಮ್ಮೆ ನೋಡಿಕೊಳ್ಳೋಣ, ಸ್ವಲ್ಪ ತಡೆಯಿರಿ” ಎಂದಷ್ಟೇ ಗುಂಪಿಗೆ ಹೇಳಿ. ಯಾರ ಹೆಸರೂ ಬೇಡ.